ಹೆಲ್ಮೆಟ್ ಸೈಜ್ ನೋಡುವುದು ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ನಮ್ಮಲ್ಲಿ ಹಲವರು ಅಣ್ಣನ ಅಥವಾ ತಂದೆಯ ಬೈಕಿನ ಹಿಂದೆ ಕೂತು ಕಾಲೇಜಿಗೆ ಬರುತ್ತೇವೆ. ಹಿಂದೆ ಕೂರುವವರಿಗೂ ಕರ್ನಾಟಕದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ. ಆದರೆ ಸಡಿಲ ಹೆಲ್ಮೆಟ್ ಬಿದ್ದಾಗ ತಲೆಯಿಂದ ಕಳಚಿಹೋಗಬಹುದು.

ಮೊದಲು ಬಟ್ಟೆ ಹೊಲಿಯುವವರ ಟೇಪಿನಿಂದ ತಲೆಯ ಸುತ್ತಳತೆ ನೋಡಿ. ಟೇಪು ಹುಬ್ಬಿನ ಸ್ವಲ್ಪ ಮೇಲೆ, ಕಿವಿಯ ಮೇಲ್ಭಾಗದಿಂದ, ಹಿಂದೆ ತಲೆ ಹೆಚ್ಚು ಉಬ್ಬಿರುವ ಜಾಗದ ಮೇಲೆ ಹೋಗಬೇಕು. ನಮ್ಮ ಆಪಾ ತೆಳು ಸ್ಕಾರ್ಫ್ ಮೇಲೆ ಹೆಲ್ಮೆಟ್ ಹಾಕುತ್ತಾರೆ. ಆದ್ದರಿಂದ ಸ್ಕಾರ್ಫ್ ಕಟ್ಟಿಕೊಂಡೇ ಅಳೆದೆವು: 57 ಸೆಂ.ಮೀ. ಹೆಲ್ಮೆಟ್ ಒಳಗೆ ಬರುವ ಜಾಗದಲ್ಲಿ ಪಿನ್ ಇರಬಾರದು.

ಅಂಗಡಿಯಲ್ಲಿ ಎಂ ಸೈಜಿನ ಚೀಟಿಯಲ್ಲಿ 57–58, ಎಲ್‌ನಲ್ಲಿ 59–60 ಎಂದಿತ್ತು. ಅಕ್ಷರ ಕಂಪನಿಯಿಂದ ಕಂಪನಿಗೆ ಬದಲಾಗಬಹುದು, ಸೆಂ.ಮೀ. ನೋಡಿ. ಎಂ ಹಾಕಿದಾಗ ಆಪಾಗೆ ಕೆನ್ನೆ ಬಿಗಿಯೆನಿಸಿತು. ಎಲ್ ಹಾಯಾಗಿತ್ತು, ಆದರೆ ತಲೆ ಆಡಿಸಿದರೆ ಹೆಲ್ಮೆಟ್ ಮಾತ್ರ ತಿರುಗುತ್ತಿತ್ತು. ಎಂ ತೆಗೆದುಕೊಂಡೆವು. ಕೆನ್ನೆಯ ಪ್ಯಾಡ್ ಬಳಸುತ್ತಾ ಸ್ವಲ್ಪ ಮೆತ್ತಗಾಗುತ್ತದೆ, ಸಡಿಲವಾದದ್ದು ಬಿಗಿಯಾಗುವುದಿಲ್ಲ.

ಕೊಳ್ಳುವ ಮೊದಲು ಇಷ್ಟು ಪರೀಕ್ಷಿಸಿ. ಹೆಲ್ಮೆಟ್ ಹಿಡಿದು ಪಕ್ಕಕ್ಕೆ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ಪಟ್ಟಿ ಬಿಗಿದು, ಹಿಂದಿನ ಕೆಳ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ. ಕಳಚಿ ಬಂದರೆ ಆ ಹೆಲ್ಮೆಟ್ ಬೇಡ. ಹತ್ತು ನಿಮಿಷ ಹಾಕಿಕೊಂಡಾಗ ಹಣೆಯ ಒಂದೇ ಜಾಗದಲ್ಲಿ ನೋವಾದರೆ ಅದರ ಆಕಾರ ನಿಮ್ಮ ತಲೆಗೆ ಹೊಂದುವುದಿಲ್ಲ. ಆಗ ದೊಡ್ಡ ಸೈಜ್ ಅಲ್ಲ, ಬೇರೆ ಮಾದರಿ ಕೇಳಿ.