ಬಣ್ಣ ಅಗ್ಗ, ಬೆಳಕು ದುಬಾರಿ

ಸ್ಕೈರಿಮ್ ಆಡಿದವರಿಗೆಲ್ಲ ಅದರ ಮಂಕು ಬಣ್ಣ ನೆನಪಿರುತ್ತದೆ. 2011ರಲ್ಲಿ ಬಂದ ಈ ಆಟ ನಡೆಯುವುದು ಉತ್ತರದ ಚಳಿನಾಡೊಂದರಲ್ಲಿ. ಬೂದು ಆಕಾಶ, ನೀಲಿಗಟ್ಟಿದ ಹಿಮ, ಸೊರಗಿದ ಹಸಿರು. 2016ರಲ್ಲಿ ಅದರ ಸ್ಪೆಷಲ್ ಎಡಿಶನ್ ಬಂದಾಗ ಬೆಳಕಿನ ಕಿರಣಗಳು ಸೇರಿದವು, ನೋಟವೂ ಸುಧಾರಿಸಿತು. ಆದರೂ ಇಷ್ಟು ವರ್ಷಗಳಿಂದ ಜನ ಅದರ ಬಣ್ಣ ತಿದ್ದುವುದನ್ನು ನಿಲ್ಲಿಸಿಲ್ಲ. ಹಾಗೆ ತಿದ್ದುವವರ ಕೈಯಲ್ಲಿರುವ ಸಲಕರಣೆಗಳಲ್ಲಿ ಎಲ್ಲರಿಗೂ ಸುಲಭವಾಗಿ ಎಟಕುವುದು ರೀಶೇಡ್ ಎಂಬ ಉಚಿತ ತಂತ್ರಾಂಶ ಮತ್ತು ಅದಕ್ಕೆ ಯಾರಾದರೂ ಬರೆದಿಟ್ಟ ಒಂದು ಪ್ರಿಸೆಟ್. ಪ್ರಿಸೆಟ್ ಹಾಕುವುದಕ್ಕೆ ಹತ್ತು ನಿಮಿಷ ಸಾಕು. ಹಾಕಿದ ಮೇಲೂ ಆಟ ಮೊದಲಿನಷ್ಟೇ ಸರಾಗವಾಗಿ ಓಡುವಂತೆ ನೋಡಿಕೊಳ್ಳುವುದಕ್ಕೆ ಸ್ವಲ್ಪ ಲೆಕ್ಕ ಗೊತ್ತಿರಬೇಕು.

ಶೇಡರ್ ಅಂದರೆ ಗ್ರಾಫಿಕ್ಸ್ ಕಾರ್ಡಿನೊಳಗೆ ಓಡುವ ಪುಟ್ಟ ಪ್ರೋಗ್ರಾಮು. ಆಟದ ಬಳಿ ತನ್ನದೇ ನೂರಾರು ಶೇಡರುಗಳಿರುತ್ತವೆ. ರೀಶೇಡ್ ಅವುಗಳ ತಂಟೆಗೆ ಹೋಗುವುದಿಲ್ಲ. ಆಟ ಒಂದು ಫ್ರೇಮನ್ನು ಪೂರ್ತಿ ಬಿಡಿಸಿ ಪರದೆಗೆ ಕಳಿಸುವ ಕ್ಷಣದಲ್ಲಿ ನಡುವೆ ತಡೆದು, ಆ ಚಿತ್ರದ ಮೇಲೆ ತನ್ನ ಶೇಡರುಗಳನ್ನು ಓಡಿಸಿ ಮುಂದಕ್ಕೆ ಬಿಡುತ್ತದೆ. ಹಿಂದೆ ಸ್ಟುಡಿಯೋಗಳಲ್ಲಿ ಕಪ್ಪುಬಿಳುಪು ಫೋಟೊಗೆ ಕುಂಚದಿಂದ ಬಣ್ಣ ಹಚ್ಚುವ ಕಲಾವಿದರಿದ್ದರಲ್ಲ, ರೀಶೇಡಿನ ಸ್ಥಾನ ಅವರದೇ: ಕೈಗೆ ಬರುವುದು ತೆಗೆದು ಮುಗಿದ ಫೋಟೊ, ದೀಪ ಎಲ್ಲಿಟ್ಟಿದ್ದರು, ಕಿಟಕಿ ಯಾವ ಕಡೆಗಿತ್ತು ಎಂಬುದು ಅದಕ್ಕೆ ತಿಳಿಯದು. ಸೂರ್ಯ ಎಲ್ಲಿದ್ದಾನೆ, ಪಂಜಿನ ಬೆಳಕು ಎಷ್ಟು ದೂರ ಹೋಗಬೇಕು ಎಂಬ ಮಾಹಿತಿ ರೀಶೇಡಿಗೆ ಸಿಗುವುದಿಲ್ಲ. ಸಿಗುವುದು ಎರಡೇ: ಪ್ರತಿ ಪಿಕ್ಸೆಲಿನ ಬಣ್ಣ, ಮತ್ತು ಅದೃಷ್ಟವಿದ್ದರೆ ಆ ಪಿಕ್ಸೆಲು ಕ್ಯಾಮೆರಾದಿಂದ ಎಷ್ಟು ದೂರವಿದೆ ಎಂಬ ಲೆಕ್ಕ. ಈ ಎರಡನೆಯದನ್ನು ಡೆಪ್ತ್ ಬಫರ್ ಎನ್ನುತ್ತಾರೆ.

ಇಲ್ಲಿಂದಲೇ ಖರ್ಚಿನ ವ್ಯತ್ಯಾಸ ಶುರುವಾಗುತ್ತದೆ. ಬಣ್ಣ ತಿದ್ದುವ ಶೇಡರು ಒಂದು ಪಿಕ್ಸೆಲನ್ನು ನೋಡುತ್ತದೆ, ಅದರ ಬಣ್ಣ ಬದಲಿಸುತ್ತದೆ, ಮುಂದಕ್ಕೆ ಹೋಗುತ್ತದೆ. ಅಕ್ಕಪಕ್ಕದವರ ಗೊಡವೆ ಅದಕ್ಕೆ ಬೇಡ. ಸಿನಿಮಾದವರು ಡಿಐ ಮಾಡುವಾಗ ಬಳಸುವ ಲಟ್ ಎಂಬ ಬಣ್ಣದ ಕೋಷ್ಟಕ ಇಲ್ಲೂ ಉಂಟು. ರೀಶೇಡಿನ `LUT.fx` ಓದುವುದು 1024 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರದ ಒಂದು ಪಟ್ಟಿಯನ್ನು. ಅದರಲ್ಲಿ 32,768 ಬಣ್ಣಗಳಿಗೆ ಉತ್ತರ ಬರೆದಿಟ್ಟಿರುತ್ತದೆ. ನಡುವಿನ ಬಣ್ಣಗಳನ್ನು ಕಾರ್ಡು ಅಂದಾಜಿನಿಂದ ತುಂಬಿಕೊಳ್ಳುತ್ತದೆ. ನೀವು ಬಣ್ಣದಲ್ಲಿ ಹತ್ತು ತರಹದ ತಿದ್ದುಪಡಿ ಮಾಡಿರಿ, ನೂರು ಮಾಡಿರಿ, ಕೊನೆಗೆ ಎಲ್ಲವೂ ಆ ಒಂದೇ ಪಟ್ಟಿಯೊಳಗೆ ಅಡಗುವುದರಿಂದ ಖರ್ಚು ಬದಲಾಗುವುದಿಲ್ಲ.

ನೆರಳು, ಬೆಳಕು, ಮಸುಕು ತೋರಿಸುವ ಶೇಡರುಗಳು ಹಾಗಲ್ಲ. ಮೂಲೆಮುಡುಕುಗಳಲ್ಲಿ ನೆರಳು ತುಂಬುವ ಎಂಎಕ್ಸ್‌ಎಒ ಎಂಬುದನ್ನೇ ತೆಗೆದುಕೊಳ್ಳಿ. ಒಂದು ಪಿಕ್ಸೆಲಿಗೆ ನೆರಳು ಬೀಳುತ್ತದೆಯೇ ಎಂದು ತಿಳಿಯಲು ಅದು ಸುತ್ತಲಿನ ಹಲವು ಜಾಗಗಳ ದೂರವನ್ನು ಓದಿ ಹೋಲಿಸಬೇಕು. ಅದರ ಗುಣಮಟ್ಟದ ಸೆಟ್ಟಿಂಗಿನಲ್ಲಿ Very Low ಅಂದರೆ 4 ಕಡೆ, Low ಅಂದರೆ 8, Medium ಅಂದರೆ 16. ಪೂರ್ಣ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲುಗಳಿವೆ. ಪ್ರತಿಯೊಂದಕ್ಕೂ ಹದಿನಾರು ಸಲ ಓದು, ಆಮೇಲೆ ಕಲೆಗಳು ಕಾಣದಂತೆ ಒರೆಸುವ ಕೆಲಸ ಬೇರೆ. ಇದೆಲ್ಲ ಪ್ರತಿ ಫ್ರೇಮಿಗೂ ಆಗಬೇಕು.

ಸ್ಕೈರಿಮ್‌ನಲ್ಲಿ ಸೆಕೆಂಡಿಗೆ 60 ಫ್ರೇಮು ಎಂಬುದು ಗುರಿಯೂ ಹೌದು, ಗಡಿಯೂ ಹೌದು. ಈ ಆಟದ ಭೌತಲೆಕ್ಕ ಫ್ರೇಮ್ ರೇಟಿಗೆ ಕಟ್ಟಿಕೊಂಡಿದೆ. ಮೋಡುಗಳ ನೆರವಿಲ್ಲದೆ 60 ದಾಟಿಸಿದರೆ ಮೇಜಿನ ಮೇಲಿನ ತಟ್ಟೆ, ಚೆಂಬುಗಳು ತಾವೇ ಹಾರಾಡಲು ಶುರುಮಾಡುತ್ತವೆ. ಹಾಗಾಗಿ ಒಂದು ಫ್ರೇಮಿಗೆ ಸಿಗುವ ಸಮಯ 16.67 ಮಿಲಿಸೆಕೆಂಡು. ಆಟವೂ ಪ್ರಿಸೆಟ್ಟೂ ಸೇರಿ ಅಷ್ಟರೊಳಗೆ ಕೆಲಸ ಮುಗಿಸಬೇಕು. ಪ್ರಿಸೆಟ್ ಎಷ್ಟು ಫ್ರೇಮು ತಿನ್ನುತ್ತದೆ ಎಂದು ಕೇಳುವವರು ತಪ್ಪು ಪ್ರಶ್ನೆ ಕೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದು ಇದಕ್ಕೇ. ಅದೇ 3.3 ಮಿಲಿಸೆಕೆಂಡಿನ ಪ್ರಿಸೆಟ್ 120 ಫ್ರೇಮಿನಲ್ಲಿ ಓಡುವ ಆಟವನ್ನು 86ಕ್ಕೆ ಇಳಿಸುತ್ತದೆ, 30ರಲ್ಲಿ ಓಡುವುದನ್ನು 27ಕ್ಕೆ. ಕೇಳಬೇಕಾದ್ದು ಎಷ್ಟು ಮಿಲಿಸೆಕೆಂಡು ಎಂದು.

ಹಾಕುವ ಕ್ರಮ ಹೀಗೆ. ರೀಶೇಡಿನ ಇನ್‌ಸ್ಟಾಲರ್ ತೆರೆದು `SkyrimSE.exe` ಕಡತವನ್ನು ತೋರಿಸಿ, ಡೈರೆಕ್ಟ್‌ಎಕ್ಸ್ 10/11/12 ಎಂಬುದನ್ನು ಆರಿಸಬೇಕು. ಆಟದ ಫೋಲ್ಡರಿಗೆ `dxgi.dll`, `ReShade.ini` ಮತ್ತು `reshade-shaders` ಫೋಲ್ಡರು ಬಂದು ಕೂರುತ್ತವೆ. ಯಾವ ಯಾವ ಶೇಡರ್ ಪೊಟ್ಟಣ ಬೇಕು ಎಂದು ಕೇಳಿದಾಗ ಎಲ್ಲದಕ್ಕೂ ಗುರುತು ಹಾಕಬೇಡಿ. ಆಟ ತೆರೆದಾಗ ಶೇಡರುಗಳ ಕಂಪೈಲ್ ಮುಗಿಯುವವರೆಗೆ ಸುಮ್ಮನೆ ಕಾಯುವಂತಾಗುತ್ತದೆ. ಪ್ರಿಸೆಟ್ ಎಂಬುದು ಒಂದು `.ini` ಕಡತ, ಅಷ್ಟೆ. ಯಾವ ಶೇಡರು, ಯಾವ ಕ್ರಮದಲ್ಲಿ, ಯಾವ ಅಂಕಿಗಳೊಂದಿಗೆ ಎಂದು ಅದರಲ್ಲಿರುತ್ತದೆ, ಶೇಡರುಗಳೇ ಇರುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಈ ಥರ ಕಾಣುತ್ತದೆ:

```
Techniques=LiftGammaGain@LiftGammaGain.fx,LUT@LUT.fx

[LiftGammaGain.fx]
RGB_Lift=1.000000,1.000000,1.000000
RGB_Gamma=1.040000,1.000000,0.970000
RGB_Gain=1.020000,1.000000,0.980000
```

ಮೂರು ಅಂಕಿಗಳು ಕೆಂಪು, ಹಸಿರು, ನೀಲಿ. 1 ಅಂದರೆ ಇದ್ದಂತೆ ಬಿಡು. ಲಿಫ್ಟ್ ಕತ್ತಲ ಭಾಗವನ್ನು ತಿದ್ದುತ್ತದೆ, ಗಾಮಾ ನಡುವಿನದನ್ನು, ಗೇನ್ ಬೆಳಗಿದ್ದನ್ನು. ಮೇಲಿನ ಸಾಲುಗಳು ಸ್ಕೈರಿಮ್‌ನ ನೀಲಿಯನ್ನು ಕೊಂಚ ತಗ್ಗಿಸಿ ಬೆಚ್ಚಗಿನ ಛಾಯೆ ಕೊಡುತ್ತವೆ. ಆಟದೊಳಗೆ Home ಕೀಲಿ ಒತ್ತಿದರೆ ರೀಶೇಡಿನ ಕಿಟಕಿ ತೆರೆದುಕೊಳ್ಳುತ್ತದೆ, ಅಲ್ಲಿ ಪ್ರಿಸೆಟ್ ಆರಿಸಬಹುದು. ಪಟ್ಟಿಯಲ್ಲಿ ಕೆಲವು ಶೇಡರುಗಳು ಕಾಣಿಸದಿದ್ದರೆ ಪ್ರಿಸೆಟ್ ಕೆಟ್ಟಿದೆ ಎಂದಲ್ಲ, ಅದು ಕೇಳಿದ ಪೊಟ್ಟಣ ನಿಮ್ಮಲ್ಲಿಲ್ಲ ಎಂದರ್ಥ.

ಇನ್ನು ಅಳತೆ. ಅದಕ್ಕೆ ಸರಿಯಾದ ಜಾಗ ಬೇಕು. ವೈಟ್‌ರನ್ ಪಟ್ಟಣದ ನಡುವೆ ನಿಂತು ಅಳೆದರೆ ಮೋಸಹೋಗಬಹುದು, ಯಾಕೆಂದರೆ ಅಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಹಿಂದುಳಿದಿರುತ್ತದೆ. ಗ್ರಾಫಿಕ್ಸ್ ಕಾರ್ಡು ಕೈಕಟ್ಟಿ ಕಾಯುತ್ತಿರುವಾಗ ಪ್ರಿಸೆಟ್ ಪುಕ್ಕಟೆಯಂತೆ ಕಾಣುತ್ತದೆ. ಫಾಲ್‌ಕ್ರೀತ್ ಸುತ್ತಲಿನ ಪೈನ್ ಕಾಡಿಗೆ ಹೋಗಿ ನಿಲ್ಲಿ. ಅಲ್ಲೂ ವಿಸಿಂಕ್ ಇದ್ದರೆ ಫ್ರೇಮ್ ರೇಟು ಸದಾ 60 ಎಂದೇ ತೋರಿಸುತ್ತ ನಿಜ ಮುಚ್ಚಿಡುತ್ತದೆ. ಆದ್ದರಿಂದ ರೀಶೇಡಿನ Statistics ಎಂಬಲ್ಲಿ ಒಂದೊಂದು ಶೇಡರಿಗೂ ಎಷ್ಟು ಮಿಲಿಸೆಕೆಂಡು ಎಂದು ಬರೆದಿರುವುದನ್ನು ನೋಡಬೇಕು.

ಒಂದು ಸಾಧಾರಣ ಲ್ಯಾಪ್‌ಟಾಪಿನ ಲೆಕ್ಕ ಹಾಕೋಣ. ಪ್ರಿಸೆಟ್ ಇಲ್ಲದೆ ಆ ಕಾಡಿನಲ್ಲಿ ಕಾರ್ಡು ಒಂದು ಫ್ರೇಮಿಗೆ 13 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಕೈಯಲ್ಲಿ ಉಳಿದದ್ದು 3.67. ತಂದ ಪ್ರಿಸೆಟ್ಟಿನಲ್ಲಿ ಬಣ್ಣದ ಶೇಡರು ಮೂರು, ತಲಾ 0.1. ಅಂಚು ಚೂಪು ಮಾಡುವುದು 0.2. ಬೆಳಕಿನ ಸುತ್ತ ಪ್ರಭೆ ಹರಡುವ ಬ್ಲೂಮ್ 0.8. ಎಂಎಕ್ಸ್‌ಎಒ 2.0. ದೂರದ್ದನ್ನು ಮಸುಕು ಮಾಡುವ ಡೆಪ್ತ್ ಆಫ್ ಫೀಲ್ಡ್ 1.9. ಒಟ್ಟು 5.2. ಫ್ರೇಮಿನ ಸಮಯ 18.2ಕ್ಕೆ ಏರಿ ವೇಗ 55ಕ್ಕೆ ಇಳಿಯುತ್ತದೆ. ವಿಸಿಂಕ್ ಇದ್ದರೆ ಹಲವೆಡೆ ನೇರ 30ಕ್ಕೇ ಬೀಳುತ್ತದೆ, ಏಕೆಂದರೆ ಪರದೆಯ ಒಂದು ಸರದಿ ತಪ್ಪಿದ ಫ್ರೇಮು ಮುಂದಿನ ಸರದಿಯವರೆಗೆ ಕಾಯಬೇಕು.

ಗಾಬರಿಯಾಗಿ ಪ್ರಿಸೆಟ್ಟನ್ನೇ ಕಿತ್ತುಹಾಕುವವರುಂಟು. ಅಂಕಿಗಳನ್ನು ನೋಡಿದರೆ ಹಾಗೆ ಮಾಡಬೇಕಿಲ್ಲ. ಆಟದ ನೋಟವನ್ನು ನಿಜವಾಗಿ ಬದಲಿಸಿದ ಮೂರು ಬಣ್ಣದ ಶೇಡರುಗಳ ಖರ್ಚು ಸೇರಿ 0.3. ಮೊದಲು ತೆಗೆಯಬೇಕಾದ್ದು ಡೆಪ್ತ್ ಆಫ್ ಫೀಲ್ಡ್: ಅದು ಆಟದ ಸೆಟ್ಟಿಂಗಿನಲ್ಲೇ ಇದೆ, ಎರಡೆರಡು ಸಲ ಮಸುಕು ಮಾಡಿ ಸುಖವಿಲ್ಲ, ಬಿಲ್ಲು ಹಿಡಿದು ದೂರಕ್ಕೆ ಗುರಿಯಿಡುವವರಿಗಂತೂ ಅದು ಶತ್ರು. ಈಗ 16.3. ಗಡಿಯೊಳಗೆ ಬಂದಂತಾಯಿತು, ಆದರೆ ಒಂದು ಡ್ರ್ಯಾಗನ್ ಬಂದು ಬೆಂಕಿ ಉಗುಳಿದರೆ ಮುಗಿಯಿತು. ಆಮೇಲೆ ಎಂಎಕ್ಸ್‌ಎಒವನ್ನು High ಇಂದ Low ಗೆ ಇಳಿಸಿ, ಅರ್ಧ ಅಳತೆಯಲ್ಲಿ ಲೆಕ್ಕ ಮಾಡುವಂತೆ ಹೇಳಿ. ಉದ್ದ ಅಗಲ ಎರಡೂ ಅರ್ಧವಾದರೆ ಪಿಕ್ಸೆಲು ಕಾಲುಭಾಗ. 2.0 ಇದ್ದದ್ದು 0.7ಕ್ಕೆ ಬಂದರೆ ಒಟ್ಟು 15 ಮಿಲಿಸೆಕೆಂಡು; ಒಂದೂವರೆ ಮಿಲಿಸೆಕೆಂಡಿಗೂ ಹೆಚ್ಚು ಉಸಿರಾಡಲು ಸಿಕ್ಕಿತು. ಎಲ್ಲ ಹೊಂದಿಕೆಯಾದ ಮೇಲೆ Performance Mode ಎಂಬುದಕ್ಕೆ ಗುರುತು ಹಾಕಬೇಕು. ಆಗ ಅಂಕಿಗಳೆಲ್ಲ ಶೇಡರಿನೊಳಗೆ ಸ್ಥಿರವಾಗಿ ಸೇರಿಕೊಂಡು, ಬೇಡದ ಲೆಕ್ಕಗಳನ್ನು ಕಂಪೈಲರ್ ಕತ್ತರಿಸಿಹಾಕುತ್ತದೆ. ಆದರೆ ಅದು ಇರುವಾಗ ಅಂಕಿ ತಿದ್ದಲು ಬರುವುದಿಲ್ಲ.

ನೆರಳಿನ ಶೇಡರು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು `DisplayDepth.fx` ಇದೆ. ಹತ್ತಿರದ್ದು ಕಪ್ಪು, ದೂರದ್ದು ಬಿಳಿ ಎಂದು ನುಣುಪಾಗಿ ಕಾಣಬೇಕು. ಪರದೆ ಒಂದೇ ಬಣ್ಣವಾಗಿದ್ದರೆ ಡೆಪ್ತ್ ಬಫರ್ ಸಿಕ್ಕಿಲ್ಲ. ನೆರಳಿಗೆ ಸುರಿದ ಮಿಲಿಸೆಕೆಂಡುಗಳೆಲ್ಲ ವ್ಯರ್ಥ. ತಿರುಗುಮುರುಗಾಗಿದ್ದರೆ `RESHADE_DEPTH_INPUT_IS_REVERSED` ಎಂಬುದನ್ನು 0 ಇದ್ದರೆ 1, 1 ಇದ್ದರೆ 0 ಮಾಡಬೇಕು. ಎಲ್ಲ ಸರಿಯಿದ್ದರೂ ಮಂಜಿನಲ್ಲಿ ಗುಟ್ಟು ರಟ್ಟಾಗುತ್ತದೆ. ಮಂಜಿನ ದೂರ ಡೆಪ್ತ್ ಬಫರಿನಲ್ಲಿ ದಾಖಲಾಗುವುದಿಲ್ಲ, ಹಾಗಾಗಿ ಮರದ ಬುಡದ ನೆರಳು ಮಂಜಿನ ಹಿಂದೆ ಬೀಳುವ ಬದಲು ಮಂಜಿನ ಮೇಲೆಯೇ ಮಸಿಯಂತೆ ಬಳಿದುಕೊಳ್ಳುತ್ತದೆ. ಪಾಸ್ಕಲ್ ಗಿಲ್ಚರ್ ಬರೆದ ಆರ್‌ಟಿಜಿಐ ಎಂಬ ಶೇಡರು ಇದಕ್ಕಿಂತ ಮುಂದೆ ಹೋಗಿ, ಕೆಂಪು ಗೋಡೆಯಿಂದ ಪುಟಿದ ಬೆಳಕನ್ನು ಪಕ್ಕದ ನೆಲದ ಮೇಲೆ ತೋರಿಸುತ್ತದೆ. ಆದರೆ ಕ್ಯಾಮೆರಾ ತಿರುಗಿ ಗೋಡೆ ಪರದೆಯಾಚೆ ಹೋದದ್ದೇ ತಡ, ನೆಲದ ಕೆಂಪೂ ಮಾಯ.

ಹಾಗಾದರೆ ನಿಜವಾಗಿ ಬೆಳಕನ್ನೇ ಬದಲಿಸುವುದು ಹೇಗೆ? ಆಟದೊಳಗಿಂದಲೇ. ಸ್ಕೈರಿಮ್‌ನಲ್ಲಿ ಪ್ರತಿ ಹವಾಮಾನಕ್ಕೂ ಒಂದು ದಾಖಲೆಯಿದೆ: ಮುಂಜಾನೆ, ಹಗಲು, ಸಂಜೆ, ರಾತ್ರಿಗೆ ಬಿಸಿಲಿನ ಬಣ್ಣ ಯಾವುದು, ನೆರಳಿನ ಬಣ್ಣ ಯಾವುದು, ಮಂಜು ಎಷ್ಟು ದೂರದಿಂದ ಶುರುವಾಗಬೇಕು ಎಂದು. ಹವಾಮಾನದ ಮೋಡುಗಳು ತಿದ್ದುವುದು ಇವನ್ನೇ. ಆಟ ಹೇಗೂ ಓದಬೇಕಿದ್ದ ಅಂಕಿಗಳು ಬೇರೆಯಾಗಿರುತ್ತವೆ ಅಷ್ಟೆ, ಆದ್ದರಿಂದ ಬರಿಯ ಅಂಕಿ ಬದಲಿಸುವ ಮೋಡಿಗೆ ಫ್ರೇಮ್ ರೇಟು ಅಲುಗುವುದಿಲ್ಲ. ಮಂಜು, ಬಿಸಿಲು ಎಲ್ಲ ತಮ್ಮ ತಮ್ಮ ಜಾಗದಲ್ಲೇ ಬೀಳುತ್ತವೆ. ನನ್ನ ಮಾತು ಕೇಳುವುದಾದರೆ ಬೆಳಕನ್ನು ಇಂಥ ಮೋಡಿಗೆ ಬಿಟ್ಟು, ರೀಶೇಡಿಗೆ ಬಣ್ಣದ ಕೆಲಸ ಮಾತ್ರ ಕೊಡಿ. ಮೊದಲು ಮೋಡು, ಆಮೇಲೆ ಪ್ರಿಸೆಟ್. ಒಂದು ಹವಾಮಾನದ ಮೋಡಿಗೆಂದೇ ಬರೆದ ಪ್ರಿಸೆಟ್ಟನ್ನು ಇನ್ನೊಂದರ ಮೇಲೆ ಹೇರಿದರೆ ಚಿತ್ರದಲ್ಲಿ ನೋಡಿ ಮೆಚ್ಚಿದ ನೋಟ ನಿಮ್ಮ ಪರದೆಗೆ ಬರುವುದಿಲ್ಲ.

ಕೊನೆಯ ತೊಡಕು ಗುಹೆಗಳದ್ದು. ಬಿಸಿಲಿನಲ್ಲಿ ನಿಂತು ಹದಮಾಡಿದ ಪ್ರಿಸೆಟ್ ನೆಲಮಾಳಿಗೆಗೆ ಇಳಿದೊಡನೆ ಕತ್ತಲನ್ನು ಇನ್ನಷ್ಟು ಹಿಂಡಿ, ಮೆಟ್ಟಿಲು ಯಾವುದು ಹಳ್ಳ ಯಾವುದು ಎಂದು ತಿಳಿಯದಂತೆ ಮಾಡುತ್ತದೆ. ರೀಶೇಡಿಗೆ ಒಳಗೆ, ಹೊರಗೆ ಎಂಬ ಭೇದ ಗೊತ್ತಿಲ್ಲ. ಅದಕ್ಕೇ ಪಳಗಿದವರು ಪ್ರಿಸೆಟ್ಟಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಲಿಫ್ಟ್ ತುಸು ಏರಿಸಿ, ಒಂದರಿಂದ ಇನ್ನೊಂದಕ್ಕೆ ಹೋಗಲು Settings ಎಂಬಲ್ಲಿ ಒಂದು ಕೀಲಿ ಗೊತ್ತುಮಾಡಿಕೊಂಡಿರುತ್ತಾರೆ.