ನುಂಗಿದ ಕೊಲಾಜನ್ ಮಂಡಿಗೆ ಹೋಗಿ ಸೇರುತ್ತಾ?

ರಜೆಗೆ ಊರಿಗೆ ಹೊರಟರೆ ನಮ್ಮಲ್ಲಿ ಕೆಲವರ ಸೂಟ್‌ಕೇಸಿನಲ್ಲಿ ಈಗ ಚಾಕೊಲೇಟಿನ ಜೊತೆಗೆ ಒಂದು ಕೊಲಾಜನ್ ಡಬ್ಬಿಯೂ ಇರುತ್ತೆ. ಅಮ್ಮನ ಮಂಡಿನೋವಿಗೆ ಒಂದು, ಅಕ್ಕನ ಚರ್ಮಕ್ಕೆ ಇನ್ನೊಂದು. ಅದರ ಹಿಂದಿನ ಲೆಕ್ಕ ಸರಳ: ಚರ್ಮದಲ್ಲೂ ಕೀಲಿನ ಮೆದುಮೂಳೆಯಲ್ಲೂ ಇರುವ ಮುಖ್ಯ ಪ್ರೋಟೀನ್ ಕೊಲಾಜನ್, ವಯಸ್ಸಾದಂತೆ ಅದು ಕಡಿಮೆಯಾಗುತ್ತೆ, ಹಾಗಾಗಿ ಕೊಲಾಜನ್ ತಿಂದರೆ ತುಂಬಿಕೊಳ್ಳುತ್ತೆ. ಇದು ಎಷ್ಟು ನಿಜ ಅಂತ ತಿಳಿಯಲು ಆ ಪುಡಿಯ 10 ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟು, ನುಂಗಿದ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಹಿಂಬಾಲಿಸೋಣ.

ದೇಹದಲ್ಲಿರುವ ಕೊಲಾಜನ್ ಹಗ್ಗದ ಹಾಗೆ. ಮೂರು ಎಳೆ ಒಂದಕ್ಕೊಂದು ಹೊಸೆದುಕೊಂಡಿರುತ್ತವೆ, ಒಂದೊಂದು ಎಳೆಯಲ್ಲೂ ಸುಮಾರು 1000 ಅಮೈನೋ ಆಮ್ಲಗಳು. ಡಬ್ಬಿಯಲ್ಲಿರೋದು ಈ ಹಗ್ಗವಲ್ಲ. ಹಸು, ಹಂದಿ ಅಥವಾ ಮೀನಿನ ಚರ್ಮ, ಮೂಳೆಗಳಿಂದ ತೆಗೆದು, ಕಿಣ್ವ ಹಾಕಿ ಕತ್ತರಿಸಿದ ಚೂರುಗಳು ಅವು. ಲೇಬಲ್ ಮೇಲೆ ‘ಹೈಡ್ರೊಲೈಸ್ಡ್’ ಅಂತ ಬರೆದಿರುವುದರ ಅರ್ಥ ಇಷ್ಟೇ. ಹಗ್ಗ ಬಾಯಿಗೆ ಬರುವ ಮೊದಲೇ ತುಂಡಾಗಿದೆ.

ಹೊಟ್ಟೆ ಮತ್ತು ಸಣ್ಣ ಕರುಳಿನಲ್ಲಿ ಈ ಚೂರುಗಳು ಇನ್ನೂ ಸಣ್ಣದಾಗುತ್ತವೆ. ಕರುಳಿನ ಗೋಡೆ ಒಳಗೆ ಬಿಟ್ಟುಕೊಳ್ಳೋದು ಬಿಡಿ ಅಮೈನೋ ಆಮ್ಲಗಳನ್ನು, ಇಲ್ಲವೇ ಎರಡು-ಮೂರು ಅಮೈನೋ ಆಮ್ಲಗಳ ಪುಟ್ಟ ಜೋಡಣೆಗಳನ್ನು. ಬೇಳೆ, ಮೊಟ್ಟೆ, ಕೋಳಿ ಯಾವುದರ ಪ್ರೋಟೀನಿಗೂ ಇದೇ ದಾರಿ. ಆದರೆ ಕೊಲಾಜನ್ನಿನಲ್ಲಿ ಒಂದು ವಿಶೇಷ ಇದೆ. ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್ ಸೇರಿದ ಒಂದು ಜೋಡಿಯನ್ನು ಒಡೆಯೋದು ಕಿಣ್ವಗಳಿಗೆ ಸ್ವಲ್ಪ ಕಷ್ಟ. 2005ರಲ್ಲಿ ಜಪಾನಿನ ಸಂಶೋಧಕರು ಕೊಲಾಜನ್ ಚೂರುಗಳನ್ನು ಜನರಿಗೆ ಕುಡಿಸಿ ರಕ್ತ ಪರೀಕ್ಷಿಸಿದಾಗ ಈ ಜೋಡಿ ಹಾಗೇ ಸಿಕ್ಕಿತು. ಒಂದೆರಡು ಗಂಟೆಯಲ್ಲಿ ಅತಿ ಹೆಚ್ಚಾಗಿ, ಆಮೇಲೆ ಇಳಿಯುತ್ತಾ ಹೋಯಿತು.

ಹಾಗಾದರೆ ಈ ಜೋಡಿ ಹೋಗಿ ಚರ್ಮದ ಹಗ್ಗದಲ್ಲಿ ಕೂತುಕೊಳ್ಳುತ್ತಾ? ಇಲ್ಲ. ಜೀವಕೋಶ ಕೊಲಾಜನ್ ನೇಯುವಾಗ ಹೈಡ್ರಾಕ್ಸಿಪ್ರೋಲೀನನ್ನು ನೇರವಾಗಿ ಬಳಸಲಾರದು, ಅದನ್ನು ಸೇರಿಸುವ ಸೂಚನೆಯೇ ನಮ್ಮ ಜೀನ್‌ಗಳಲ್ಲಿಲ್ಲ. ಮೊದಲು ಮಾಮೂಲಿ ಪ್ರೋಲೀನ್ ಹಾಕಿ ಎಳೆ ಕಟ್ಟುತ್ತೆ, ಆಮೇಲೆ ವಿಟಮಿನ್ ಸಿ ನೆರವಿನಿಂದ ಅದರಲ್ಲಿ ಕೆಲವನ್ನು ಹೈಡ್ರಾಕ್ಸಿಪ್ರೋಲೀನ್ ಮಾಡಿಕೊಳ್ಳುತ್ತೆ. ಅಂದರೆ ಕೊಲಾಜನ್ನಿನ ಗುರುತಾದ ಆ ವಸ್ತುವನ್ನೇ ತಿಂದರೂ ಹೊಸ ಕೊಲಾಜನ್ನಿಗೆ ಅದು ಇಟ್ಟಿಗೆಯಾಗೋದಿಲ್ಲ.

ಉಳಿದಿರೋದು ಇನ್ನೊಂದು ವಾದ: ಆ ಜೋಡಿ ಇಟ್ಟಿಗೆಯಾಗದಿದ್ದರೂ, ‘ಇನ್ನಷ್ಟು ನೇಯಿರಿ’ ಅಂತ ಕೋಶಗಳಿಗೆ ಸುದ್ದಿ ಮುಟ್ಟಿಸಬಹುದು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಇಲಿಯ ಚರ್ಮದ ಕೋಶಗಳ ಮೇಲೆ ಅಂಥ ಪರಿಣಾಮ ಕಂಡಿದೆ. ಮನುಷ್ಯರಲ್ಲಿ? ಚರ್ಮದ ಮೇಲಿನ 23 ಪ್ರಯೋಗಗಳನ್ನು 2025ರಲ್ಲಿ ಒಟ್ಟು ಸೇರಿಸಿ ನೋಡಿದಾಗ ತೇವಾಂಶ, ಬಿಗುವು, ಸುಕ್ಕು ಎಲ್ಲದರಲ್ಲೂ ಸುಧಾರಣೆ ಇತ್ತು. ಆದರೆ ಕಂಪನಿಗಳ ಹಣ ಪಡೆಯದ ಪ್ರಯೋಗಗಳನ್ನು ಬೇರೆ ಮಾಡಿದರೆ ಆ ಸುಧಾರಣೆ ಕಾಣಲಿಲ್ಲ. ಗುಣಮಟ್ಟ ಚೆನ್ನಾಗಿದ್ದವುಗಳಲ್ಲೂ ಅಷ್ಟೇ. ಕೀಲಿನ ವಿಷಯದಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2011ರಲ್ಲೇ, ಕೊಲಾಜನ್ ಚೂರು ತಿನ್ನುವುದಕ್ಕೂ ಕೀಲಿನ ಆರೋಗ್ಯಕ್ಕೂ ಕಾರಣ-ಪರಿಣಾಮದ ಸಂಬಂಧ ಸಾಬೀತಾಗಿಲ್ಲ ಎಂದಿತು.

ಇದರ ಫಲ ಇಲ್ಲಿ ಯುಕೆಯ ಅಂಗಡಿಗಳಲ್ಲೇ ಕಾಣುತ್ತೆ. ಡಬ್ಬಿಯ ಮುಂದೆ ‘ಚರ್ಮಕ್ಕೆ, ಮೆದುಮೂಳೆಗೆ’ ಅಂತಿದ್ದು ಪಕ್ಕದಲ್ಲಿ ಒಂದು ನಕ್ಷತ್ರದ ಗುರುತಿದ್ದರೆ, ಡಬ್ಬಿ ತಿರುಗಿಸಿ ಆ ಗುರುತು ಹುಡುಕಿ. ಸಾಮಾನ್ಯವಾಗಿ ಅದು ವಿಟಮಿನ್ ಸಿ ಬಗ್ಗೆ ಇರುವ ಸಾಲಿಗೆ ಹೋಗಿ ನಿಲ್ಲುತ್ತೆ. ಅನುಮತಿ ಇರೋದು ವಿಟಮಿನ್ನಿನ ಹೇಳಿಕೆಗೆ, ಪುಡಿಯದಕ್ಕಲ್ಲ. ಅದೇ ವಿಟಮಿನ್ ಒಂದು ಕಿತ್ತಳೆಯಲ್ಲೂ ಸಿಗುತ್ತೆ.

ಇನ್ನು ‘ಬೋನ್ ಬ್ರಾತ್’. ನಮ್ಮೂರ ಕಡೆ ಮೂಳೆ ಮುರಿದವರಿಗೆ ಕೊಡುವ ಕಾಲು ಸೂಪಿನ ನೆಂಟನೇ ಇದು. ಗಂಟೆಗಟ್ಟಲೆ ಕುದಿಸಿದಾಗ ಕೊಲಾಜನ್ ಹಗ್ಗ ಬಿಚ್ಚಿಕೊಂಡು ಜೆಲಾಟಿನ್ ಆಗಿ ನೀರಿಗಿಳಿಯುತ್ತೆ. ಸೂಪನ್ನು ಫ್ರಿಜ್ಜಿನಲ್ಲಿಟ್ಟಾಗ ಜೆಲ್ಲಿಯ ಹಾಗೆ ಗಟ್ಟಿಯಾದರೆ ಜೆಲಾಟಿನ್ ಚೆನ್ನಾಗಿ ಇಳಿದಿದೆ, ನೀರಾಗೇ ಉಳಿದರೆ ಕಡಿಮೆ. ಮೂಳೆ ಯಾವುದು, ಎಷ್ಟು ಹೊತ್ತು ಕುದಿಯಿತು ಎನ್ನುವುದರ ಮೇಲೆ ಪ್ರಮಾಣ ಬಹಳ ಬದಲಾಗುತ್ತೆ. ಹೊಟ್ಟೆಗಿಳಿದ ಮೇಲೆ ಪುಡಿಯ ಕಥೆಯೇ ಇದರ ಕಥೆಯೂ. ಬಿಸಿಬಿಸಿ, ರುಚಿ, ಸುಲಭವಾಗಿ ಜೀರ್ಣ: ಕುಡಿಯಲು ಅಷ್ಟು ಕಾರಣ ಸಾಕು.

ಸಸ್ಯಾಹಾರಿಗಳು ಒಂದು ಮಾತು ಗಮನಿಸಿ. ಗಿಡಗಳಲ್ಲಿ ಕೊಲಾಜನ್ ಇರೋದಿಲ್ಲ. ‘ವೀಗನ್ ಕೊಲಾಜನ್’ ಡಬ್ಬಿಗಳಲ್ಲಿ ಹೆಚ್ಚಾಗಿ ಇರೋದು ವಿಟಮಿನ್ ಸಿ ಮತ್ತು ಕೆಲವು ಅಮೈನೋ ಆಮ್ಲಗಳು. ಆದರೆ ಜೀವನಪೂರ್ತಿ ಸಾರು-ಅನ್ನ ಉಂಡ ನಮ್ಮ ಅಜ್ಜಿಯರ ದೇಹವೂ ಬೇಳೆಯ ಪ್ರೋಟೀನಿನಿಂದಲೇ ತನಗೆ ಬೇಕಾದ ಕೊಲಾಜನ್ ನೇಯ್ದುಕೊಂಡಿದೆ. ಪುಡಿಯನ್ನೇ ಪ್ರೋಟೀನ್ ಅಂತ ಲೆಕ್ಕ ಹಾಕುವವರಿಗೂ ಒಂದು ಎಚ್ಚರಿಕೆ: ಕೊಲಾಜನ್ನಿನಲ್ಲಿ ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲ ಇಲ್ಲವೇ ಇಲ್ಲ. ಊಟದ ಬೇಳೆ, ಮೊಸರು, ಮೊಟ್ಟೆ ಬಿಟ್ಟು ಇದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಅಮ್ಮನ ಮಂಡಿಗೆ ಏನು ಮಾಡೋಣ ಅಂದರೆ, ಡಬ್ಬಿಯ ದುಡ್ಡಿನಲ್ಲಿ ಊರಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಸವೆದ ಮಂಡಿಯ ನೋವಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಇರುವಷ್ಟು ಆಧಾರ ಈ ಪುಡಿಗೆ ಇಲ್ಲ.