ರದ್ದಾದ ಮದುವೆಯ ಮುಂಗಡ ಯಾರದು?

ಕಲ್ಯಾಣ ಮಂಟಪ ಗೊತ್ತು ಮಾಡುವಾಗ ಕೊಡುವ ಹಣವನ್ನು ಎಲ್ಲರೂ ಅಡ್ವಾನ್ಸ್ ಎನ್ನುತ್ತಾರೆ. ಕಾನೂನಿನ ಕಣ್ಣಿನಲ್ಲಿ ಮಾತ್ರ ಅದು ಎರಡು ಬಗೆಯದಾಗಿರಬಹುದು. ಮಾತಿಗೆ ತಪ್ಪುವುದಿಲ್ಲ ಎಂಬ ಭರವಸೆಗಾಗಿ ಕೊಟ್ಟದ್ದು ಸಂಚಕಾರ. ತಪ್ಪಿದರೆ ಅದು ಹೋಗುತ್ತದೆ. ಬಾಡಿಗೆಯ ಒಂದು ಭಾಗವನ್ನು ಮೊದಲೇ ಕೊಟ್ಟದ್ದು ಬರೀ ಮುಂಗಡ. ವ್ಯವಹಾರ ಮುರಿದಾಗ ನಷ್ಟವನ್ನು ಕಳೆದು ಉಳಿದದ್ದು ಹಿಂದಿರುಗಬೇಕು. ಹಣ ಯಾವ ಬಗೆಯದೆಂದು ತೀರ್ಮಾನವಾಗುವುದು ರಸೀದಿಯ ಮೇಲಿನ ಹೆಸರಿನಿಂದಲ್ಲ, ಅದನ್ನು ಕೊಟ್ಟ ಉದ್ದೇಶದಿಂದ.

ಇದಕ್ಕೆ ಅಡಿಪಾಯ 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮು. ಕರಾರಿನಲ್ಲಿ ಎಷ್ಟೇ ದೊಡ್ಡ ದಂಡ ಬರೆದಿದ್ದರೂ ಸಿಗುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಫತೇಹ್ ಚಂದ್ ಪ್ರಕರಣದಲ್ಲಿ (1963) ದೆಹಲಿಯ ಬಂಗಲೆಯೊಂದರ ಮಾರಾಟ ಮುರಿದುಬಿದ್ದಿತ್ತು. ಮಾಲೀಕ ಸಂಚಕಾರದ 1,000 ರೂಪಾಯಿ ಇಟ್ಟುಕೊಳ್ಳಬಹುದು, ಬೆಲೆಯ ಭಾಗವಾಗಿ ಪಡೆದ 24,000 ರೂಪಾಯಿಯನ್ನು ದಂಡವಾಗಿ ನುಂಗುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. 2015ರ ಕೈಲಾಸ್ ನಾಥ್ ತೀರ್ಪು ಇನ್ನೂ ಮುಂದೆ ಹೋಯಿತು: ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ, ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿದ್ದರೆ ತೋರಿಸಲೇಬೇಕು.

ಒಂದು ಲೆಕ್ಕ ನೋಡಬಹುದು. ಮಂಟಪದ ಬಾಡಿಗೆ 3 ಲಕ್ಷ, ಕೊಟ್ಟ ಮುಂಗಡ 1 ಲಕ್ಷ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಮುಂಗಡ ಹಿಂದಿರುಗಿಸುವುದಿಲ್ಲ’ ಎಂದಿದೆ. ಮುಹೂರ್ತಕ್ಕೆ ನಾಲ್ಕು ತಿಂಗಳಿರುವಾಗ ಹೆಣ್ಣಿನ ಮನೆಯವರು ಮದುವೆ ನಿಂತಿತೆಂದು ಬರೆದು ತಿಳಿಸುತ್ತಾರೆ. ಅದೇ ದಿನಕ್ಕೆ ಮಂಟಪ ಬೇರೆಯವರಿಗೆ 2.8 ಲಕ್ಷಕ್ಕೆ ಹೋಗುತ್ತದೆ. ಮಾಲೀಕರಿಗೆ ಆದ ನಷ್ಟ 20,000 ರೂಪಾಯಿ, ಮರುಬುಕಿಂಗಿನ ಖರ್ಚು 5,000. ಹಾಗಾದರೆ 75,000 ರೂಪಾಯಿ ಹಿಂದಿರುಗಬೇಕೆಂಬ ವಾದಕ್ಕೆ ಗಟ್ಟಿ ನೆಲೆಯಿದೆ. ಒಂದೇ ದಿನವನ್ನು ಎರಡು ಸಲ ಮಾರಿ ಎರಡೂ ಹಣ ಇಟ್ಟುಕೊಳ್ಳುವುದು ಪರಿಹಾರವಲ್ಲ, ಲಾಭ. ಅದೇ ಮಾತು ಮೂರು ದಿನ ಮೊದಲು ಬಂದು ಮಂಟಪ ಖಾಲಿ ಉಳಿದರೆ ಮಾಲೀಕರ ನಷ್ಟ ಮುಂಗಡವನ್ನೂ ಮೀರುತ್ತದೆ. ಆಗ ವಾಪಸ್ ಕೇಳುವುದು ಕಷ್ಟ.

ಯಾರ ತಪ್ಪೂ ಇಲ್ಲದೆ ಕಾರ್ಯಕ್ರಮ ಅಸಾಧ್ಯವಾದಾಗ ದಾರಿ ಬೇರೆ. 2020ರ ಲಾಕ್‌ಡೌನಿನಂತೆ ಸರ್ಕಾರವೇ ಮಂಟಪಗಳನ್ನು ಮುಚ್ಚಿಸಿದರೆ 56ನೆಯ ಕಲಮಿನಂತೆ ಕರಾರು ಅಸಿಂಧುವಾಗುತ್ತದೆ, 65ನೆಯ ಕಲಮಿನಂತೆ ಪಡೆದದ್ದನ್ನು ಹಿಂದಿರುಗಿಸಬೇಕು. ಆದರೆ ಮನೆಯಲ್ಲಿ ಸಾವಾಯಿತು, ಸಂಬಂಧ ಮುರಿಯಿತು ಎಂಬುದು ಎಷ್ಟೇ ನೋವಿನದಾದರೂ ಸಾಮಾನ್ಯವಾಗಿ ಈ ಅಸಾಧ್ಯತೆಗೆ ಸೇರದು. ಮಂಟಪ ಕೊಡಲು ಮಾಲೀಕರು ಸಿದ್ಧರೇ ಇದ್ದರಲ್ಲ.

ಜಗಳದಲ್ಲಿ ಗೆಲ್ಲಿಸುವುದು ಹೆಚ್ಚಾಗಿ ಎರಡು ಕಾಗದ: ರದ್ದು ತಿಳಿಸಿದ ದಿನಾಂಕವಿರುವ ಪತ್ರ, ಆ ದಿನ ಮಂಟಪದಲ್ಲಿ ಬೇರೆ ಮದುವೆ ನಡೆಯಿತೆಂಬುದಕ್ಕೆ ಲಗ್ನಪತ್ರಿಕೆಯಂಥ ಪುರಾವೆ. ಇವನ್ನು ಇಟ್ಟುಕೊಂಡು ಮೊದಲು ನೋಟಿಸ್ ಕೊಡಬಹುದು. ಹಣ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ.